ಹನಿಯೊಳಗಿನ ಹೂವಿನ ತೊಟ್ಟು ಯಾವ ಕಡೆಗಿರುತ್ತದೆ?

ಪುಣೆಯ ನಮ್ಮ ಕನ್ನಡ ಬಳಗ ಪ್ರತಿವರ್ಷ ಒಂದು ಗೋಡೆ ಕ್ಯಾಲೆಂಡರ್ ತರುತ್ತದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಫೋಟೊ, ಎಲ್ಲವೂ ಸದಸ್ಯರೇ ತೆಗೆದವು. ಕಳೆದ ಸಲ ವಿಷಯ 'ಹತ್ತಿರದ ನೋಟ'. ಇಬ್ಬನಿ, ಹುಳು, ಹೂವಿನ ಎಸಳು, ಇಷ್ಟೇ. ಆರಿಸುವ ಮೂವರಲ್ಲಿ ನಾನೂ ಒಬ್ಬ. ಎಂಟೆಕ್ ಮಾಡಿದವನು, ಹತ್ತು ವರ್ಷದಿಂದ ಮ್ಯಾಕ್ರೊ ಲೆನ್ಸ್ ಹಿಡಿದುಕೊಂಡು ವೇತಾಳ ಟೆಕಡಿ ಹತ್ತುವವನು, ಹಾಗಾಗಿ ತಾಂತ್ರಿಕ ಪರೀಕ್ಷೆ ನನ್ನ ಪಾಲಿಗೆ ಬಂತು. ಬಂದ ಚಿತ್ರಗಳಲ್ಲಿ ಎಐನಿಂದ ಮಾಡಿಸಿದವು ಯಾವುವು ಎಂದು ಹೇಳಬೇಕಾದವನು ನಾನು.

ಎರಡು ಚಿತ್ರಗಳ ಕುರಿತು ನಾನು ಕೊಟ್ಟ ತೀರ್ಪು ಈ ಬರಹಕ್ಕೆ ಕಾರಣ. ಒಂದರಲ್ಲಿ ಕೆಂಪು ಗುಲಾಬಿಯ ಎಸಳು, ಅದರ ಮೇಲೆ ದುಂಡಗಿನ ಹನಿ, ಹನಿಯೊಳಗೆ ನೆಟ್ಟಗೆ ನಿಂತ ಒಂದು ಹೂವು, ಪಕ್ಕದಲ್ಲಿ ಗುಲಗಂಜಿ ಹುಳು. ಇನ್ನೊಂದರಲ್ಲಿ ಹುಲ್ಲಿನ ತುದಿಗೆ ತೂಗಿದ ಹನಿ, ಹಿಂದೆ ಮಸುಕಾದ ಕಿತ್ತಳೆ ಬಣ್ಣ, ಹನಿಯೊಳಗೆ ಒಂದು ಪುಟ್ಟ ಜರ್ಬೆರಾ. ಆ ಜರ್ಬೆರಾದ ತೊಟ್ಟು ಮಾತ್ರ ಆಕಾಶದ ಕಡೆ ಹೋಗಿತ್ತು. ನಾನು ಎರಡನೆಯದರ ಮೇಲೆ ಕೆಂಪು ಗುರುತು ಹಾಕಿ 'ತೊಟ್ಟು ಮೇಲಕ್ಕೆ, ಯಂತ್ರದ ತಪ್ಪು' ಎಂದು ಬರೆದೆ. ಮೊದಲನೆಯದನ್ನು ಡಿಸೆಂಬರ್ ಪುಟಕ್ಕೆ ಆರಿಸಿದೆ.

ಎರಡನೆಯದನ್ನು ಕಳಿಸಿದವರು ಹುಬ್ಬಳ್ಳಿ ಕಡೆಯ ನಿವೃತ್ತ ಶಿಕ್ಷಕಿ, ಬಳಗದಲ್ಲಿ ಎಲ್ಲರೂ ಟೀಚರ್ ಎಂದೇ ಕರೆಯುವುದು. ಫೋನು ಮಾಡಿ ಕೇಳಿದರು: "ಅಲ್ರೀ ಸರ, ಹನಿಯೊಳಗ ಹೂವು ತಲಿಕೆಳಗ ಕಾಣದ ಇನ್ನ ಹ್ಯಾಂಗ ಕಾಣಬೇಕ್ರಿ? ನೀವ ಹೇಳ್ರಿ."

ನನಗೆ ಹೇಳಲಾಗಲಿಲ್ಲ. ಪಿಯುಸಿಯಲ್ಲಿ ಪೀನ ಮಸೂರದ ಚಿತ್ರ ಎಷ್ಟು ಸಲ ಬಿಡಿಸಿದ್ದೆನೋ ಲೆಕ್ಕವಿಲ್ಲ.

ಗುಲಾಬಿ ಚಿತ್ರ ಕಳಿಸಿದ ಹುಡುಗ ಸುಳ್ಳು ಹೇಳಲಿಲ್ಲ. ಕೇಳಿದ ಕೂಡಲೆ, "ಅಂಕಲ್, ಎಐ ಬೇಡ ಅಂತ ನಿಯಮದಲ್ಲಿ ಇರಲಿಲ್ಲವಲ್ಲ" ಎಂದ. ನಿಜ, ಇರಲಿಲ್ಲ. ತಾನು ಬಳಸಿದ ಪ್ರಾಂಪ್ಟನ್ನೂ ಕಳಿಸಿದ. ವಾಟ್ಸಾಪಿನಲ್ಲಿ ಓಡಾಡುವ ಒಂದು ಪಿಡಿಎಫ್‌ನಿಂದ ಎತ್ತಿಕೊಂಡದ್ದಂತೆ. ಮ್ಯಾಕ್ರೊ ಚಿತ್ರಕ್ಕೆಂದೇ ಬರೆದ ಪ್ರಾಂಪ್ಟುಗಳ ಸಂಕಲನ ಅದು, ಇಬ್ಬನಿಗೊಂದು ಭಾಗ, ಕೀಟಗಳಿಗೊಂದು, ಎಸಳುಗಳಿಗೊಂದು. ಪೂರ್ತಿ ಓದಿದೆ. ಕವನ ಸಂಕಲನವನ್ನು ವಿಮರ್ಶೆಗೆ ಓದುವ ಹಾಗೆಯೇ, ಪೆನ್ಸಿಲ್ ಹಿಡಿದು ಓದಿದೆ. ಯಾಕೆಂದರೆ ಪ್ರಾಂಪ್ಟ್ ಕೂಡ ಬರಹವೇ. ಅದಕ್ಕೆ ಓದುಗ ಯಂತ್ರ ಅನ್ನುವುದಷ್ಟೇ ವ್ಯತ್ಯಾಸ. ಹುಡುಗ ಬಳಸಿದ್ದು ಇದು:

```
extreme macro photo of a dewdrop on a red rose petal,
tiny ladybug beside it, reflection of a flower inside the drop,
100mm macro lens, f/2.8, tack sharp, hyper detailed,
creamy bokeh, morning light, 8k
```

ಸಂಕಲನದ ಉಳಿದವೂ ಇದೇ ಅಚ್ಚಿನವು. ಹುಳುವಿನ ಹೆಸರು ಬದಲಾಗುತ್ತದೆ, ಹೂವು ಬದಲಾಗುತ್ತದೆ, ಕೊನೆಯ ಎರಡು ಸಾಲು ಬದಲಾಗುವುದೇ ಇಲ್ಲ. ಮೊದಲು ಕಣ್ಣಿಗೆ ಬಿದ್ದದ್ದು, ಇದರಲ್ಲಿ ಕ್ರಿಯಾಪದವೇ ಇಲ್ಲ. ಹನಿ ತೂಗುತ್ತಿದೆಯೋ ಕೂತಿದೆಯೋ, ಹುಳು ನಡೆಯುತ್ತಿದೆಯೋ ಚಳಿಗೆ ಮರಗಟ್ಟಿದೆಯೋ, ಬೆಳಕು ಯಾವ ಕಡೆಯಿಂದ ಬರುತ್ತಿದೆಯೋ, ಒಂದೂ ಇಲ್ಲ. ನಾಮಪದಗಳು, ಅವುಗಳ ಮೇಲೆ ಹೇರಿದ ವಿಶೇಷಣಗಳು. ಮದುವೆ ಆಮಂತ್ರಣ ಪತ್ರಿಕೆಯ ಭಾಷೆಗೆ ಹತ್ತಿರ.

ವಿಶೇಷಣಗಳ ನಡುವೆ ಎರಡು ಅಂಕಿಗಳಿವೆಯಲ್ಲ, ಅವು ಓದುಗರಿಗೆ ದೊಡ್ಡ ಭರವಸೆ ಕೊಡುತ್ತವೆ. 100 ಮಿಲಿಮೀಟರ್, ಎಫ್ 2.8. ಇಷ್ಟು ನಿಖರವಾಗಿ ಹೇಳಿದವನಿಗೆ ವಿಷಯ ಗೊತ್ತಿರಬೇಕು ಅನ್ನಿಸುತ್ತದೆ. ಆದರೆ ಈ ತಂತ್ರಾಂಶದೊಳಗೆ ಲೆನ್ಸೂ ಇಲ್ಲ, ಅಪರ್ಚರೂ ಇಲ್ಲ. ಅದು ಕಲಿತದ್ದು ಚಿತ್ರಗಳನ್ನೂ ಅವುಗಳ ಜೊತೆ ಜನ ಬರೆದ ಮಾತುಗಳನ್ನೂ ಸೇರಿಸಿ. ಯಾವ ಮಾತಿನ ಜೊತೆ ಯಾವ ಥರದ ಚಿತ್ರ ಬರುತ್ತದೆ ಎನ್ನುವ ಒಡನಾಟ ಅದಕ್ಕೆ ತಿಳಿದಿದೆ. 'ಎಫ್ 2.8' ಎಂದು ಬರೆದವರ ಚಿತ್ರಗಳಲ್ಲಿ ಹಿನ್ನೆಲೆ ಮಸುಕಾಗಿರುತ್ತದೆ, ಹಾಗಾಗಿ ಹಿನ್ನೆಲೆ ಮಸುಕಾಗುತ್ತದೆ. ಅಂಕಿಯೂ ಇಲ್ಲಿ ವಿಶೇಷಣವೇ. ಇದು ತಪ್ಪೇನಲ್ಲ. ಆದರೆ ಆ ಅಂಕಿಗಳನ್ನು ಅಂಕಿಗಳೆಂದೇ ಓದಿದರೆ ಪ್ರಾಂಪ್ಟ್ ತನ್ನನ್ನೇ ಹೇಗೆ ಅಲ್ಲಗಳೆಯುತ್ತದೆ ಎಂದು ಗೊತ್ತಾಗುತ್ತದೆ. ಕ್ಯಾಮೆರಾ ಹಿಡಿದು ಹೊಲದಲ್ಲಿ ಮಂಡಿಯೂರಿದವರು ಒಂದಲ್ಲ ಒಂದು ದಿನ ಈ ಲೆಕ್ಕ ಮಾಡಿರುತ್ತಾರೆ.

ಸಾಮಾನ್ಯ 100 ಮಿ.ಮೀ. ಮ್ಯಾಕ್ರೊ ಲೆನ್ಸು ತೀರಾ ಹತ್ತಿರ ಹೋದಾಗ ವಸ್ತು ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಬಿಂಬವನ್ನು ಸೆನ್ಸರಿನ ಮೇಲೆ ಮೂಡಿಸುತ್ತದೆ. ಒಂದಕ್ಕೊಂದು ಅನ್ನುತ್ತೇವೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಇಬ್ಬನಿಯ ಹನಿ ಎರಡು ಮಿ.ಮೀ. ಇದ್ದರೆ ಅದು ಚೌಕಟ್ಟಿನ ಹದಿನೆಂಟರಲ್ಲಿ ಒಂದು ಭಾಗ. ಗುಲಾಬಿ ಚಿತ್ರದಲ್ಲಿ ಹನಿ ಅರ್ಧ ಚೌಕಟ್ಟು ತುಂಬಿತ್ತು. ಹಾಗೆ ತುಂಬಬೇಕಾದರೆ ಒಂಬತ್ತು ಪಟ್ಟು ಹಿಗ್ಗಿಸಬೇಕು. ಹತ್ತಿರದ ಚಿತ್ರಕ್ಕೆಂದೇ ಮಾಡಿದ ಕ್ಯಾನನ್‌ನ 65 ಮಿ.ಮೀ. ಎಂಪಿ-ಇ ಲೆನ್ಸು ಕೂಡ ಐದು ಪಟ್ಟಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಸೂಕ್ಷ್ಮದರ್ಶಕದ ಮಸೂರ ತಂದು ಕ್ಯಾಮೆರಾಕ್ಕೆ ಜೋಡಿಸುವ ಕೆಲಸ. ಎಂದರೆ ಪ್ರಾಂಪ್ಟಿನ ಮೊದಲ ಪದ `extreme` ಮತ್ತು ನಡುವಿನ `100mm macro lens` ಒಂದೇ ಮನೆಯಲ್ಲಿ ಬಾಳುವುದಿಲ್ಲ. ದೊಡ್ಡ ಚಿತ್ರ ತೆಗೆದು ಆಮೇಲೆ ಕತ್ತರಿಸಬಹುದು, ಆಗ `hyper detailed` ಉಳಿಯುವುದಿಲ್ಲ.

ಇನ್ನು `f/2.8` ಮತ್ತು `tack sharp`. ಒಂದಕ್ಕೊಂದು ಅಳತೆಯಲ್ಲಿ ಎಫ್ 2.8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಮೂರನೇ ಒಂದು ಮಿಲಿಮೀಟರ್. ಮೂರು ಹಾಳೆ ಕಾಗದವನ್ನು ಒಂದರ ಮೇಲೊಂದು ಇಟ್ಟಷ್ಟು. ಗುಲಗಂಜಿ ಹುಳುವಿನ ಬೆನ್ನು ಎಸಳಿನಿಂದ ಮೂರ್ನಾಲ್ಕು ಮಿ.ಮೀ. ಎತ್ತರದಲ್ಲಿರುತ್ತದೆ. ಬೆನ್ನು ಸ್ಪಷ್ಟವಾದರೆ ಕಾಲು ಮಸುಕು, ಕಾಲು ಸ್ಪಷ್ಟವಾದರೆ ಬೆನ್ನು ಮಸುಕು. ಅಪರ್ಚರನ್ನು 16ಕ್ಕೆ ಇಳಿಸಿದರೆ ಆಳ ಎರಡು ಮಿ.ಮೀ. ಹತ್ತಿರ ಬರುತ್ತದೆ. ಆದರೆ ಇಷ್ಟು ಹತ್ತಿರದಲ್ಲಿ ಎಫ್ 16 ಎನ್ನುವುದು ನಡತೆಯಲ್ಲಿ ಎಫ್ 32 ಆಗುತ್ತದೆ, ಬೆಳಕು ಕಿರಿದಾದ ಕಂಡಿಯಲ್ಲಿ ನುಸುಳಿ ಹರಡಿಕೊಳ್ಳುತ್ತದೆ, ಇಡೀ ಚಿತ್ರಕ್ಕೆ ತೆಳುವಾದ ಮಂಕು ಕವಿಯುತ್ತದೆ. ಹೊಸಬರು ಫೋಕಸ್ ತಪ್ಪಿತೆಂದು ಲೆನ್ಸನ್ನು ಬೈಯುವುದು ಈ ಹಂತದಲ್ಲೇ. ನಾನೂ ಬೈದಿದ್ದೇನೆ, ಒಂದು ಲೆನ್ಸನ್ನು ಮಾರಿಯೂ ಇದ್ದೇನೆ.

ಹಾಗಾದರೆ ಆಳ ಕಡಿಮೆ ಇದ್ದರೆ ನಿಜ, ಎಲ್ಲವೂ ಸ್ಪಷ್ಟವಿದ್ದರೆ ಯಂತ್ರದ್ದು ಎನ್ನಬಹುದೇ? ನಾನು ಟೀಚರ್ ಚಿತ್ರದ ಮೇಲೆ ಬರೆದ ಎರಡನೇ ಟಿಪ್ಪಣಿ ಅದೇ ಆಗಿತ್ತು: 'ಹುಲ್ಲು, ಹನಿಯ ಅಂಚು, ಒಳಗಿನ ಹೂವು ಮೂರೂ ಸ್ಪಷ್ಟ, ಅಸಾಧ್ಯ.' ಒಂದೇ ಫೋಟೊದಲ್ಲಿ ಅಸಾಧ್ಯ ನಿಜ. ಆದರೆ ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹಲವು ಫೋಟೊ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಆಯ್ದು ಒಂದಾಗಿ ಹೊಲಿಯುವ ಪದ್ಧತಿ ಇದೆ, ಫೋಕಸ್ ಸ್ಟ್ಯಾಕಿಂಗ್. ಟೀಚರ್ ಮಾಡಿದ್ದು ಅದನ್ನೇ.

ಮರುದಿನ ಅವರ ಮನೆಗೆ ಹೋದೆ. ಬಾಲ್ಕನಿಯಲ್ಲಿ ಒಂದು ಕುಂಡದ ತುಂಬ ಹುಲ್ಲು. ಸಂಜೆ ನೀರು ಹಾಕಿದರೆ ತೇವದ ರಾತ್ರಿ ಕಳೆದು ಬೆಳಗಾಗುವಾಗ ಪ್ರತಿ ಎಲೆಯ ತುದಿಯಲ್ಲೂ ಒಂದೊಂದು ಹನಿ. ನಾವೆಲ್ಲ ಇದನ್ನು ಇಬ್ಬನಿ ಅನ್ನುತ್ತೇವೆ. ಇದು ಇಬ್ಬನಿಯಲ್ಲ. ಬೇರು ಹೀರಿದ ನೀರನ್ನು ಹುಲ್ಲು ಎಲೆಯ ತುದಿಯ ಸಣ್ಣ ರಂಧ್ರಗಳಿಂದ ಹೊರಗೆ ತಳ್ಳಿದ್ದು. ನಿಜವಾದ ಇಬ್ಬನಿ ಗಾಳಿಯ ಆವಿ ತಣ್ಣಗಾದ ಎಲೆಯ ಮೇಲೆ ನೀರಾಗಿ ಕೂತದ್ದು, ಎಲೆಯಿಡೀ ಹಿಟ್ಟು ಉದುರಿಸಿದ ಹಾಗೆ ಸಣ್ಣ ಸಣ್ಣ ಹನಿಯಾಗಿ ಹರಡಿರುತ್ತದೆ. ತುದಿಯಲ್ಲಿ ಮಾತ್ರ, ಅಥವಾ ಅಂಚಿನುದ್ದಕ್ಕೆ ಪೋಣಿಸಿದ ಹಾಗೆ ದೊಡ್ಡ ಹನಿ ಕಂಡರೆ ಅದು ಗಿಡ ತಾನೇ ಹೊರಹಾಕಿದ ನೀರು. ಪ್ರಾಂಪ್ಟ್ ಸಂಕಲನದ ಇಬ್ಬನಿ ಭಾಗದಲ್ಲಿ ಎರಡಕ್ಕೂ ಒಂದೇ ಹೆಸರು, ನಮ್ಮ ಕನ್ನಡದಲ್ಲೂ ಹಾಗೇ, ಆದ್ದರಿಂದ ಇದನ್ನು ದೊಡ್ಡ ತಪ್ಪೆಂದು ನಾನು ಎಣಿಸುವುದಿಲ್ಲ.

ಹುಲ್ಲಿನ ಹಿಂದೆ ಸುಮಾರು ಹತ್ತು ಸೆಂಟಿಮೀಟರ್ ದೂರದಲ್ಲಿ ನೀರಿನ ಬಾಟಲಿಗೆ ಒಂದು ಜರ್ಬೆರಾ ಸಿಕ್ಕಿಸಿದ್ದರು. ಹಳೆಯ ಕ್ಯಾಮೆರಾ, ಮ್ಯಾಕ್ರೊ ಲೆನ್ಸಿನ ಮುಂದೆ ಇನ್ನೊಂದು ಕ್ಲೋಸ್-ಅಪ್ ಲೆನ್ಸು, ಎರಡು ಪಟ್ಟು ಹಿಗ್ಗಿಸುವಷ್ಟು. ಕ್ಯಾಮೆರಾದ ಕೆಳಗೆ ತಿರುಪು ತಿರುಗಿಸಿದರೆ ಹತ್ತನೇ ಒಂದು ಮಿಲಿಮೀಟರ್ ಸರಿಯುವ ಹಳಿ. ಗಾಳಿ ಏಳುವ ಮೊದಲು, ಬಾಲ್ಕನಿಗೆ ಬೆಡ್‌ಶೀಟ್ ಕಟ್ಟಿ, 24 ಫೋಟೊ.

ಇಪ್ಪತ್ತನಾಲ್ಕೇ ಯಾಕೆ ಎಂದು ಕೇಳಿದೆ. "ಹೂವಿನ ಚಿತ್ರ ಹನಿಯೊಳಗ ಇರೂದಿಲ್ರಿ, ಹನಿ ಮುಂದ ಇರ್ತದ. ಅಲ್ಲಿಂದ ಶುರು ಮಾಡಿ ಅಂಚಿನ ತನಕ ಬರಬೇಕಲ್ಲ" ಎಂದರು. ಹತ್ತು ವರ್ಷದಲ್ಲಿ ನಾನು ಗಮನಿಸದೇ ಇದ್ದ ಸಂಗತಿ ಇದು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ.

ದುಂಡಗಿನ ನೀರ ಹನಿ ಒಂದು ಮಸೂರ. ನೀರಿನ ವಕ್ರೀಭವನಾಂಕ 1.33. ಗೋಳಾಕಾರದ ಮಸೂರದ ಸೂತ್ರದಲ್ಲಿ ಅದನ್ನು ಹಾಕಿದರೆ, ಹನಿಯ ನಡುವಿನಿಂದ ಅದರ ವ್ಯಾಸದಷ್ಟು ದೂರದಲ್ಲಿ ಕಿರಣಗಳು ಕೂಡುತ್ತವೆ. ಹನಿಯ ವ್ಯಾಸ ಎರಡು ಮಿ.ಮೀ. ಎಂದಿಟ್ಟುಕೊಳ್ಳಿ. ಹಿಂದಿನ ಹೂವಿನ ಬಿಂಬ ಹನಿಯ ನಡುವಿನಿಂದ ಎರಡು ಮಿ.ಮೀ. ಈಚೆಗೆ, ಅಂದರೆ ಹನಿಯ ಮೈಯಿಂದ ಒಂದು ಮಿ.ಮೀ. ಹೊರಗೆ, ಕ್ಯಾಮೆರಾದ ಕಡೆ, ಗಾಳಿಯಲ್ಲಿ ನಿಂತಿರುತ್ತದೆ. ನಮಗೆ ಒಳಗಿದ್ದ ಹಾಗೆ ತೋರುತ್ತದೆ ಅಷ್ಟೆ. ಹನಿಯ ಅಂಚು ಕಾಣುವುದು ಅದರ ನಡುವಿನ ಮಟ್ಟದಲ್ಲಿ. ಹೂವಿನ ಬಿಂಬಕ್ಕೂ ಅಂಚಿಗೂ ನಡುವೆ ಎರಡು ಮಿ.ಮೀ. ಅಂತರ. ಎರಡು ಪಟ್ಟು ಹಿಗ್ಗಿಸಿ ಎಫ್ 5.6 ಇಟ್ಟರೆ ಅವರ ಕ್ಯಾಮೆರಾದಲ್ಲಿ ಸ್ಪಷ್ಟ ಆಳ ಸುಮಾರು ಆರನೇ ಒಂದು ಮಿ.ಮೀ. ಒಂದರ ಸ್ಪಷ್ಟ ಭಾಗ ಇನ್ನೊಂದರ ಮೇಲೆ ಸ್ವಲ್ಪ ಹತ್ತಿಕೊಳ್ಳಲೆಂದು ಹತ್ತನೇ ಒಂದು ಮಿ.ಮೀ. ಹೆಜ್ಜೆ. ಎರಡು ಮಿ.ಮೀ.ಗೆ ಇಪ್ಪತ್ತು ಫೋಟೊ, ಆಚೀಚೆ ಇರಲಿ ಎಂದು ನಾಲ್ಕು. ಟೀಚರ್ ಸೂತ್ರ ಬರೆದಿರಲಿಲ್ಲ. ಹಳಿ ತಿರುಗಿಸುತ್ತಾ ಹೂವು ಎಲ್ಲಿ ಸ್ಪಷ್ಟವಾಗುತ್ತದೆ, ಅಂಚು ಎಲ್ಲಿ ಸ್ಪಷ್ಟವಾಗುತ್ತದೆ ಎಂದು ನೋಡಿ ತಿರುಪಿನ ಸುತ್ತು ಎಣಿಸಿದ್ದರು.

ಕಿರಣಗಳು ಅಡ್ಡ ಹಾಯ್ದು ಕೂಡುವುದರಿಂದ ಬಿಂಬ ತಲೆಕೆಳಗು. ತೊಟ್ಟು ಮೇಲಕ್ಕೆ. ಮೇಲಿನ ಆಕಾಶ ಹನಿಯ ಕೆಳಭಾಗದಲ್ಲಿ ಬೆಳ್ಳಗೆ, ಕೆಳಗಿನ ಮಣ್ಣು ಹನಿಯ ಮೇಲ್ಭಾಗದಲ್ಲಿ ಕಪ್ಪಗೆ. ತೂಗುವ ಹನಿಯನ್ನು ಬೆಳಕಿಗೆ ಎದುರಾಗಿ ಯಾವತ್ತಾದರೂ ನೋಡಿ, ಹೊಟ್ಟೆ ಬೆಳಗುತ್ತಿರುತ್ತದೆ, ನೆತ್ತಿ ಕಪ್ಪಾಗಿರುತ್ತದೆ.

ಈಗ ಪ್ರಾಂಪ್ಟಿನ `reflection` ಪದಕ್ಕೆ ಬರೋಣ. ಇಡೀ ಪ್ರಾಂಪ್ಟಿನಲ್ಲಿ ಅತಿ ಹೆಚ್ಚು ಹಾನಿ ಮಾಡಿದ ಪದ ಅದು. ಹನಿಯಲ್ಲಿ ಕಾಣುವ ಹೂವು ಪ್ರತಿಫಲನವಲ್ಲ, ವಕ್ರೀಭವನ. ನೀರಿನ ಮೈ ನೇರವಾಗಿ ಬಿದ್ದ ಬೆಳಕಿನಲ್ಲಿ ಹಿಂದಿರುಗಿಸುವುದು ನೂರಕ್ಕೆ ಎರಡು ಪಾಲು ಮಾತ್ರ. ಉಳಿದದ್ದು ಒಳಗೆ ಹಾಯುತ್ತದೆ. ಪ್ರತಿಫಲನವಾಗಿ ಕಾಣುವುದು ಸೂರ್ಯನದೋ ಕಿಟಕಿಯದೋ ಒಂದು ಬಿಳಿ ಚುಕ್ಕೆ. ಹೂವು ಕಾಣಬೇಕಾದರೆ ಅದು ಹನಿಯ ಹಿಂದೆ ಇರಬೇಕು, ಪ್ರತಿಫಲನ ಅಂದ ಕೂಡಲೆ ಅದು ಮುಂದಕ್ಕೆ ಬರುತ್ತದೆ, ನೆಟ್ಟಗೆ ನಿಲ್ಲುತ್ತದೆ. ಹುಡುಗನ ಚಿತ್ರದಲ್ಲಿ ಆಗಿದ್ದು ಅದೇ. ಅದಕ್ಕಿಂತ ಮುಖ್ಯ, ಎಸಳಿನ ಮೇಲೆ ಕೂತ ಹನಿಯನ್ನು ಮೇಲಿನಿಂದ ನೋಡಿದರೆ ಅದರ ಹಿಂದೆ ಇರುವುದು ಆ ಎಸಳೇ. ಕಾಣಬೇಕಾದ್ದು ಎಸಳಿನ ನರಗಳು, ದೊಡ್ಡದಾಗಿ. ಬೇರೊಂದು ಹೂವು ಅಲ್ಲಿಗೆ ಬರಲು ದಾರಿಯೇ ಇಲ್ಲ.

ಆದರೆ ಈ ತಪ್ಪು ಯಂತ್ರದ್ದಲ್ಲ, ಪಿಡಿಎಫ್ ಮಾಡಿದವರದೂ ಪೂರ್ತಿ ಅಲ್ಲ. ಇಂಥ ಫೋಟೊಗಳ ಕೆಳಗೆ 'ಹನಿಯಲ್ಲಿ ಹೂವಿನ ಪ್ರತಿಬಿಂಬ' ಎಂದು ವರ್ಷಗಟ್ಟಲೆ ಬರೆದವರು ನಾವು, ಫೋಟೊ ತೆಗೆಯುವವರು. ನನ್ನ ಹಳೆಯ ಪೋಸ್ಟುಗಳಲ್ಲೂ ಅದೇ ಮಾತಿದೆ. ಇನ್ನೊಂದು ಚಾಳಿ ಕೂಡ ನಮ್ಮದೇ. ತಲೆಕೆಳಗಾದ ಹೂವು ನೋಡುಗರಿಗೆ ಹಿಡಿಸುವುದಿಲ್ಲವೆಂದು ಹಲವರು ಹಿಂದಿನ ಹೂವನ್ನೇ ಉಲ್ಟಾ ತೂಗುಹಾಕುತ್ತಾರೆ, ಇಲ್ಲವೆ ಪೂರ್ತಿ ಫೋಟೊವನ್ನೇ ತಿರುಗಿಸಿಬಿಡುತ್ತಾರೆ. ಹಿನ್ನೆಲೆ ಮಸುಕಾಗಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಹನಿಯೊಳಗೆ ಹೂವು ನೆಟ್ಟಗಿದೆ ಎನ್ನುವುದೊಂದರಿಂದಲೇ ಅದು ಯಂತ್ರದ್ದು ಎಂದೂ ಹೇಳಲಾಗದು. ತಿರುಗಿಸಿದ ಫೋಟೊವಾದರೆ ಹನಿಯ ಆಕಾರ ನೋಡಬೇಕು. ತೂಗುವ ಹನಿ ಕೆಳಗಡೆ ತುಸು ತುಂಬಿಕೊಂಡಿರುತ್ತದೆ, ತಿರುಗಿಸಿದಾಗ ಆ ಭಾರ ಮೇಲಕ್ಕೆ ಹೋಗಿರುತ್ತದೆ.

ಆಕಾರದ ಮಾತು ಬಂತು. ಗುಲಾಬಿ ಚಿತ್ರದಲ್ಲಿ ಹನಿಯೂ ಗುಲಗಂಜಿ ಹುಳುವೂ ಒಂದೇ ಗಾತ್ರ, ಹನಿ ಗೋಲಿಯ ಹಾಗೆ ದುಂಡಗೆ. ನಮ್ಮಲ್ಲಿ ಕಾಣುವ ಗುಲಗಂಜಿ ಹುಳುಗಳು ಐದಾರು ಮಿ.ಮೀ. ಇರುತ್ತವೆ. ಅಷ್ಟು ದೊಡ್ಡ ಹನಿ ಎಸಳಿನ ಮೇಲೆ ದುಂಡಗೆ ಕೂರುವುದಿಲ್ಲ. ನೀರಿನ ಮೇಲ್ಮೈ ಎಳೆತ ಹನಿಯನ್ನು ದುಂಡಗೆ ಹಿಡಿಯುತ್ತದೆ, ಭಾರ ಅದನ್ನು ಚಪ್ಪಟೆ ಮಾಡುತ್ತದೆ. ಎರಡೂ ಸಮಸಮ ಆಗುವ ಅಳತೆ ನೀರಿಗೆ ಸುಮಾರು 2.7 ಮಿ.ಮೀ. ಅದಕ್ಕಿಂತ ಚಿಕ್ಕದಾದಷ್ಟೂ ದುಂಡು, ದೊಡ್ಡದಾದಷ್ಟೂ ಚಪ್ಪಟೆ. ನಮ್ಮ ಶಿರಸಿ ಕಡೆ ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಕೆಸುವಿನ ಎಲೆಯ ಮೇಲೆ ನೀರು ಎರಚಿ ಆಡಿದವರಿಗೆ ಇದು ಗೊತ್ತು. ಚಿಕ್ಕ ಹನಿಗಳು ಪಾದರಸದ ಗುಂಡುಗಳು, ನಾಲ್ಕು ಕೂಡಿ ಒಂದಾದ ಕೂಡಲೆ ದೋಸೆಯ ಹಾಗೆ ಅಗಲವಾಗಿ ಜಾರುತ್ತವೆ. ಗುಲಾಬಿ ಎಸಳಿನ ಮೇಲೆ ಹನಿ ದುಂಡಗೂ ನಿಲ್ಲುತ್ತದೆ, ಕೆಸುವಿನ ಎಲೆಯ ಹಾಗೆ ಜಾರದೆ ಅಂಟಿಕೊಂಡೂ ಇರುತ್ತದೆ, ಎಸಳನ್ನು ಬೋರಲು ಹಾಕಿದರೂ ಬೀಳುವುದಿಲ್ಲ. ಎಸಳಿನ ಮೈಮೇಲಿನ ಸೂಕ್ಷ್ಮ ಉಬ್ಬುಗಳ ನಡುವೆ ನೀರು ಸ್ವಲ್ಪ ಇಳಿದು ಹಿಡಿದುಕೊಳ್ಳುವುದರಿಂದ ಹೀಗಾಗುತ್ತದೆ. ಇದೂ ಚಿಕ್ಕ ಹನಿಗೆ ಮಾತ್ರ.

ಹುಳುವಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗುಲಗಂಜಿ ಹುಳುವಿನ ತಲೆಯ ಹಿಂದಿನ ಕವಚದ ಮೇಲೆ ಎರಡು ಬಿಳಿ ಮಚ್ಚೆ ಇರುವ ಜಾತಿಗಳಿವೆ. ಚಿತ್ರ ಮಾಡುವ ತಂತ್ರಾಂಶ ಅವನ್ನೇ ಕಣ್ಣು ಮಾಡಿತ್ತು. ನಿಜವಾದ ಕಣ್ಣುಗಳು ಆ ಕವಚದ ಮುಂದಿನ ಅಂಚಿಗೆ ತಗ್ಗಿಕೊಂಡ ಪುಟ್ಟ ತಲೆಯಲ್ಲಿವೆ, ಕಪ್ಪಗೆ. ಬೆನ್ನಿನ ಎರಡು ರೆಕ್ಕೆ ಕವಚಗಳ ಮೇಲಿನ ಚುಕ್ಕೆಗಳು ಒಂದರ ಕನ್ನಡಿ ಬಿಂಬ ಇನ್ನೊಂದು ಎಂಬಂತೆ ಇರಬೇಕು, ಇಲ್ಲಿ ಎಡಕ್ಕೆ ಮೂರು, ಬಲಕ್ಕೆ ಐದು. ಕಾಲು ಎಣಿಸಿದೆ, ಆರೇ ಇದ್ದವು. ಮೊದಲು ಕಾಲು ಎಣಿಸಿ ಸಮಾಧಾನಪಟ್ಟವನು ನಾನು. ಕಾಲಿನ ಲೆಕ್ಕ ಈಗ ಸಾಲದು.

ಬೆಳಕನ್ನು ಮಾತ್ರ ಬಿಡುವಂತಿಲ್ಲ, ಯಾಕೆಂದರೆ ನನ್ನ ಅನುಭವದಲ್ಲಿ ಹೆಚ್ಚು ನೆಚ್ಚಬಹುದಾದ ಗುರುತು ಅದು. ಬೆಳಕು ಎಡ ಮೇಲಿನಿಂದ ಬಂದರೆ ಕೂತ ಹನಿಯ ಎಡ ಮೇಲ್ಭಾಗದಲ್ಲಿ ಚಿಕ್ಕ ಬಿಳಿ ಚುಕ್ಕೆ ಇರುತ್ತದೆ, ಅದಕ್ಕೆ ಎದುರಿನ ಬಲ ಕೆಳಭಾಗ ಒಳಗಿನಿಂದ ಬೆಳಗುತ್ತದೆ, ಎಸಳಿನ ಮೇಲೆ ಬಿದ್ದ ಹನಿಯ ನೆರಳಿನ ಒಳಗೇ ಒಂದು ಬೆಳಕಿನ ಕಲೆ ಇರುತ್ತದೆ. ಹನಿ ಮಸೂರವಾದ್ದರಿಂದ ತನ್ನ ನೆರಳಿನಲ್ಲಿ ತಾನೇ ಬೆಳಕು ಕೂಡಿಸುತ್ತದೆ. ಒಂದು ಹನಿಯಲ್ಲಿ ಇದನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ. ಹತ್ತು ಹನಿ ಇರುವ ಚಿತ್ರದಲ್ಲಿ ಚುಕ್ಕೆಗಳು ಹತ್ತು ದಿಕ್ಕಿಗೆ ಹೋಗುತ್ತವೆ. ಹುಡುಗನ ಚಿತ್ರದ ದೊಡ್ಡ ಹನಿಯಲ್ಲಿ ಸೂರ್ಯ ಎಡಕ್ಕಿದ್ದ, ಹಿಂದಿನ ಚಿಕ್ಕ ಹನಿಗಳಲ್ಲಿ ಬಲಕ್ಕಿದ್ದ.

ವಿಮರ್ಶಕ ಬರೀ ತಪ್ಪು ತೋರಿಸಿದರೆ ಸಾಕೇ ಎಂದು ಹುಡುಗ ಕೇಳಿದ, ಬೇರೆ ಮಾತಿನಲ್ಲಿ. "ಹಾಗಾದರೆ ನೀವೇ ಒಂದು ಬರೆದು ತೋರಿಸಿ ಅಂಕಲ್." ಟೀಚರ್ ಬಾಲ್ಕನಿಯನ್ನೇ ನೆನಪಿಟ್ಟುಕೊಂಡು ಬರೆದೆ. ಕ್ಯಾಮೆರಾದ ಅಂಕಿ ಬಿಟ್ಟೆ, ಹೊಗಳಿಕೆಯ ಪದ ಬಿಟ್ಟೆ, ಏನು ಎಲ್ಲಿದೆ, ಯಾವುದು ಸ್ಪಷ್ಟ, ಬೆಳಕು ಎಲ್ಲಿಂದ ಎನ್ನುವುದನ್ನಷ್ಟೇ ಇಟ್ಟೆ:

```
close-up photo, one round water drop hanging from the tip of a grass blade,
an orange gerbera blurred behind it, the same flower small and
upside down inside the drop, its stem pointing up,
bottom of the drop bright, top dark, soft light from the left,
only the drop's edge and the grass tip in focus
```

ಎಂಟು ಚಿತ್ರ ಬಂದವು. ಮೊದಲಿನ ಪ್ರಾಂಪ್ಟಿನ ಚಿತ್ರಗಳಿಗಿಂತ ಇವು ಶಾಂತ, ಹೊಳಪು ಕಡಿಮೆ, ಎಲ್ಲದರಲ್ಲೂ ಹನಿ ಹುಲ್ಲಿಗೆ ಸರಿಯಾಗಿ ತೂಗಿತ್ತು. `hyper detailed` ಬಿಟ್ಟ ಕೂಡಲೆ ಹುಲ್ಲಿನ ಮೈಯ ಪ್ಲಾಸ್ಟಿಕ್ ಮಿನುಗು ಹೋಯಿತು, ಅಷ್ಟಕ್ಕೆ ನನಗೆ ಖುಷಿಯಾಯಿತು. ಆದರೆ ತೊಟ್ಟು ಮೇಲಾಗಿದ್ದು ಎರಡರಲ್ಲಿ ಮಾತ್ರ. ನಾಲ್ಕರಲ್ಲಿ ಒಳಗಿನ ಹೂವು ನೆಟ್ಟಗೇ ನಿಂತಿತ್ತು, ನಾನು ಹೇಳಿದ್ದು ಕಿವಿಗೇ ಬಿದ್ದಿಲ್ಲ ಎಂಬಂತೆ. ಉಳಿದೆರಡರಲ್ಲಿ 'ತಲೆಕೆಳಗೆ' ಎನ್ನುವ ಮಾತು ಹಿಂದಿನ ಹೂವಿಗೂ ಅಂಟಿಕೊಂಡು, ಬಾಟಲಿಯಿಲ್ಲದ ಜರ್ಬೆರಾ ಆಕಾಶದಿಂದ ಕೆಳಕ್ಕೆ ತೂಗುತ್ತಿತ್ತು. ಸರಿಯಾದ ಎರಡರಲ್ಲಿಯೂ ಒಂದರಲ್ಲಿ ಹಿಂದಿನ ಹೂವು ಕಿತ್ತಳೆ, ಒಳಗಿನದು ಗುಲಾಬಿ ಬಣ್ಣ. ಹೂವಿಗೂ ಅದರ ಬಿಂಬಕ್ಕೂ ಇರುವ ಸಂಬಂಧವನ್ನು ಮಾತಿನಲ್ಲಿ ನಾನು ಎಷ್ಟು ಕಟ್ಟಿದರೂ ಅಲ್ಲಿ ಕಟ್ಟುವ ಕಿರಣ ಇಲ್ಲ, ಆದ್ದರಿಂದ ಅದು ಪ್ರತಿ ಸಲವೂ ಹೊಸದಾಗಿ ಊಹೆ ಮಾಡಬೇಕು. ಬೇಕಾದ್ದು ಬರುವ ತನಕ ಮತ್ತೆ ಮತ್ತೆ ಮಾಡಿಸಬಹುದು. ಆಗ ಬೇಕಾದ್ದು ಬಂತೆಂದು ತಿಳಿಯಲು ತೊಟ್ಟು ಯಾವ ಕಡೆಗಿರಬೇಕೆಂದು ಮಾಡಿಸುವವನಿಗೆ ಮೊದಲೇ ಗೊತ್ತಿರಬೇಕು. ಪಿಡಿಎಫ್ ಸಂಕಲನದಲ್ಲಿ ಇಲ್ಲದಿದ್ದದ್ದು ಅದೊಂದೇ.

ಸಂಕಲನವನ್ನು ಪೂರ್ತಿ ತಳ್ಳಿಹಾಕಲಾರೆ. ಎಸಳಿನ ಭಾಗದಲ್ಲಿ ಒಂದು ಪ್ರಾಂಪ್ಟ್ ಇದೆ, ದಾಸವಾಳದ ಎಸಳನ್ನು ಹಿಂದಿನಿಂದ ಬೆಳಕು ಬಿಟ್ಟು ನರಗಳನ್ನಷ್ಟೇ ತೋರಿಸು ಎನ್ನುವುದು. ಬೆಳಕಿನ ದಿಕ್ಕು ಹೇಳಿದ ಒಂದೇ ಪ್ರಾಂಪ್ಟ್ ಅದು. ಹನಿ ಇಲ್ಲ, ಹುಳು ಇಲ್ಲ, ಮಸೂರದ ತಾಪತ್ರಯವಿಲ್ಲ. ಚಿತ್ರ ಚೆನ್ನಾಗಿ ಬಂತು. ಬರೆದವರು ಯಾರೋ ಒಮ್ಮೆಯಾದರೂ ಎಸಳನ್ನು ಕಿಟಕಿಗೆ ಹಿಡಿದು ನೋಡಿದವರಿರಬೇಕು.

ಟೀಚರ್ ಅವರ 24 ಮೂಲ ಫೈಲುಗಳನ್ನೂ ನೋಡಿದೆವು. ಒಂದನೆಯದರಲ್ಲಿ ಹನಿ ಬರೀ ಮಸುಕು, ಅದರ ಮುಂದೆ ಜರ್ಬೆರಾ ಮಾತ್ರ ಗೀರಿದ ಹಾಗೆ ಸ್ಪಷ್ಟ. ಕೊನೆಕೊನೆಯದರಲ್ಲಿ ಅಂಚು ಮತ್ತು ಹುಲ್ಲಿನ ರೋಮ ಸ್ಪಷ್ಟ, ಹೂವು ಕರಗಿಹೋಗಿದೆ. ಹೊಲಿದ ಜಾಗದಲ್ಲಿ ಅಂಚಿನ ಸುತ್ತ ತೆಳು ಮಸುಕು ಪಟ್ಟಿ ಉಳಿದಿತ್ತು, ಸ್ಟ್ಯಾಕಿಂಗ್ ಮಾಡಿದವರಿಗೆ ಪರಿಚಯದ ಕಲೆ. ಅದನ್ನೂ ನಾನು ಯಂತ್ರದ ಗುರುತೆಂದೇ ಓದಿದ್ದೆ. ಬಳಗದ ಸಭೆಯಲ್ಲಿ ಎದ್ದು ನಿಂತು ತಪ್ಪಾಯಿತು ಎಂದೆ. ಟೀಚರ್, "ಇರ್ಲಿ ಬಿಡ್ರಿ ಸರ, ಚಾ ಕುಡೀರಿ" ಎಂದರು.

ಕ್ಯಾಲೆಂಡರಿನ ಡಿಸೆಂಬರ್ ಪುಟದಲ್ಲಿ ಈಗ ಅವರ ಹನಿಯೇ ಇದೆ. ಮುದ್ರಣದವರು ಪ್ರೂಫ್ ಕಳಿಸಿದಾಗ ಜೊತೆಗೊಂದು ಸಂದೇಶ: ಒಳಗಿನ ಹೂವು ಉಲ್ಟಾ ಕಾಣುತ್ತಿದೆ, ಫೋಟೊ ತಿರುಗಿಸಿ ಹಾಕಬೇಕೇ?